ಮುಟ್ಟಿದೆ, ಸರಿ

ಜೂನ್ 3, ಸೋಮವಾರ

ಇನ್ನು ಹನ್ನೊಂದು ದಿನ. ಹದಿನಾಲ್ಕಕ್ಕೆ ಕಡ್ಡಿಯ, ನನ್ನ ಗೆಳೆತನಕ್ಕೆ ಹತ್ತು ವರ್ಷ ತುಂಬುತ್ತದೆ. ದಿನಾಂಕದ ಬಗ್ಗೆ ಯಾರೂ ತಕರಾರು ಎತ್ತುವ ಹಾಗಿಲ್ಲ. ನನ್ನ ಹಳೇ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಒಳಗೆ ಅವಳೇ ಕೈವಾರದ ಮೊನೆಯಿಂದ ಗೀರಿದ್ದಾಳೆ. ಇವತ್ತು ಬೀರುವಿನ ತಳದಿಂದ ಅದನ್ನು ತೆಗೆದು ನೋಡಿದೆ, ಹಾಗೇ ಇದೆ.

ಎಂಟನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ನಮ್ಮಿಬ್ಬರಿಗೂ ಹೆಸರಿಟ್ಟರು. ಅವಳು ಸಣಕಲಿ, ಕಡ್ಡಿ. ನಾನು ದುಂಡಗೆ, ಬಾಯಿ ಬಿಡದವಳು, ಪೆಟ್ಟಿಗೆ. ಒಂದೇ ಬೆಂಚು, ಹಾಗಾಗಿ ಕಡ್ಡಿಪೆಟ್ಟಿಗೆ. ಟ್ಯೂಷನ್ ಮುಗಿಸಿ ನೀರಿನ ಟ್ಯಾಂಕಿನ ಹತ್ತಿರ ಅವಳು ಎಡಕ್ಕೆ, ನಾನು ಬಲಕ್ಕೆ ಹೋಗಬೇಕು. ಅವಳ ದಾರಿಯಲ್ಲಿ ಬೀದಿದೀಪ ಇರಲಿಲ್ಲ. ಮೊದಲನೇ ದಿನವೇ ಒಪ್ಪಂದ ಆಯಿತು: ಮನೆ ಮುಟ್ಟಿದ ಮೇಲೆ ಅಮ್ಮಂದಿರ ಫೋನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುವುದು. ಒಂದು ರಿಂಗ್ ಅಂದರೆ ಮುಟ್ಟಿದೆ. ಎರಡನೇ ಸಲ ರಿಂಗ್ ಬಂದರೆ ಏನೋ ಎಡವಟ್ಟಾಗಿದೆ, ಹೊರಟು ಬಾ. ಆಮೇಲೆ ಸ್ವಂತ ಫೋನ್ ಬಂದವು, ರಿಂಗು ಹೋಗಿ ಮೆಸೇಜ್ ಆಯಿತು. ಅವಳು ‘ಮುಟ್ಟಿದೆ’ ಅನ್ನುತ್ತಾಳೆ, ನಾನು ‘ಸರಿ’ ಅನ್ನುತ್ತೇನೆ. ಬೇರೆ ಒಂದಕ್ಷರ ಸೇರಿಸುವಂತಿಲ್ಲ. ಹಿಂದಿನದಕ್ಕೆ ‘ಸರಿ’ ಬರದೆ ಹೊಸ ‘ಮುಟ್ಟಿದೆ’ ಕಳಿಸುವಂತಿಲ್ಲ. ಜ್ವರ ಬಂದಾಗಲೂ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗಲೂ ಇದು ನಿಂತಿಲ್ಲ.

ಇದಕ್ಕೊಂದು ಫೋಟೊ ಹಾಕಿ, ಕೆಳಗೆ ಎಲ್ಲರೂ ಒಂದು ಕ್ಷಣ ನಿಲ್ಲುವಂಥ ಕ್ಯಾಪ್ಷನ್ ಬರೆಯಬೇಕು. ದಿನವಿಡೀ ಪ್ರೆಸ್ಸಿನಲ್ಲಿ ಕೂತು ಊರಿನವರ ಮದುವೆ ಕಾರ್ಡು, ಅಂಗಡಿ ಬೋರ್ಡು, ಸತ್ತವರ ನೆನಪಿನ ಕಾರ್ಡು ಅಂತ ಅಕ್ಷರ ಜೋಡಿಸುವವಳು ನಾನು. ನನ್ನ ಗೆಳೆತನಕ್ಕೆ ನಾಲ್ಕು ಸಾಲು ಜೋಡಿಸಲಾರೆನಾ?

ಮಧ್ಯಾಹ್ನ ಕಡ್ಡಿ ಫೋನ್ ಮಾಡಿದ್ದಳು. “ಲೇ ಪೆಟ್ಟಿಗೆ, ಒಂದು ವಿಷಯ ಹೇಳ್ಬೇಕು ಕಣೇ.” ಇನ್ನೂರು ಕಾರ್ಡಿನ ಪ್ರೂಫ್ ಮುಂದಿತ್ತು. “ಆಮೇಲೆ ಹೇಳೇ, ತಲೆ ಮೇಲೆ ಕೆಲಸ ಕೂತಿದೆ” ಅಂದೆ. ಸಂಜೆ ಮೆಸೇಜ್ ಬಂತು, ಮುಟ್ಟಿದೆ. ಸರಿ ಅಂದೆ.

ಜೂನ್ 6, ಗುರುವಾರ

ಸಿಟ್ಟಿಗೆ ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಸಂಜೆ ಆರೂವರೆಗೆ ಮೆಸೇಜ್ ಬಂತು. “ಮುಟ್ಟಿದೆ. ಹೊಸ ರೂಮಿಗೆ.”

ಯಾವ ರೂಮು? ಎಲ್ಲಿಯ ರೂಮು? ಅವಳ ಅಮ್ಮನಿಗೆ ಫೋನ್ ಮಾಡಿದೆ. ಹೊಲಿಗೆ ಮೆಷಿನ್ ತುಳಿಯುತ್ತಲೇ ಹೇಳಿದರು, “ನಿಂಗೆ ಗೊತ್ತಿಲ್ವಾ ಮಗಳೇ? ಬೇರೆ ಊರಿಗೆ ವರ್ಗ ಆಯ್ತಲ್ಲ. ಬಸ್ಸಿಗೆ ಮೂರು ಗಂಟೆ ದಾರಿ. ಬೆಳಿಗ್ಗೆನೇ ಟ್ರಂಕ್ ಹೊತ್ಕೊಂಡು ಹೋದ್ಲು.”

ಗೊತ್ತಿಲ್ಲ! ಊರಿಗೆಲ್ಲ ಗೊತ್ತು, ಬೆಂಚಿನ ಪಕ್ಕದವಳಿಗೆ ಗೊತ್ತಿಲ್ಲ. ಹತ್ತು ವರ್ಷ ಅಂತ ನಾನಿಲ್ಲಿ ಬೀರು ಕೆದಕುತ್ತಾ ಕೂತಿದ್ದೇನೆ, ಅವಳು ಗಂಟುಮೂಟೆ ಕಟ್ಟಿಕೊಂಡು ನಡೆದೇಬಿಟ್ಟಳು. ಮೇಲಿಂದ ಎರಡು ಪದ ಜಾಸ್ತಿ ಬೇರೆ, ನಿಯಮ ಮುರಿದು.

ಉತ್ತರ ಕೊಡಲಿಲ್ಲ. ಕೊಡುವುದೂ ಇಲ್ಲ.

ಜೂನ್ 7, ಶುಕ್ರವಾರ

ಏನೂ ಬಂದಿಲ್ಲ.

ಜೂನ್ 8, ಶನಿವಾರ

ಬಂದಿಲ್ಲ. ನೋಡಿದಿರಾ, ಎರಡೇ ದಿನಕ್ಕೆ ಮರೆತಳು. ಕಣ್ಣಿಂದ ದೂರ, ಮನಸ್ಸಿಂದ ದೂರ ಅಂತ ಅಮ್ಮ ಹೇಳುವುದು ಸುಳ್ಳಲ್ಲ.

ಜೂನ್ 10, ಸೋಮವಾರ

ಕ್ಯಾಪ್ಷನ್ ಬರೆದೇ ಬರೆಯುತ್ತೇನೆ ಅಂತ ಹಟ ಹಿಡಿದಿದ್ದೇನೆ. ಮೊದಲು ಬರೆದದ್ದು ಸಿಹಿಯಾಗಿತ್ತು. ಈಗಿನದು ಹಾಗಿಲ್ಲ. ಓದಿದ ಕೂಡಲೇ ಕಡ್ಡಿಗೆ ಚುರ್ ಅನ್ನಬೇಕು.

ಊಟದ ಹೊತ್ತಿನಲ್ಲಿ ಲೆಕ್ಕ ಹಾಕಿದೆ. ಫೋನಿನಲ್ಲಿ ಫೋಟೊ ಕೆಳಗೆ ಮೊದಲ ಎರಡು ಸಾಲು ಮಾತ್ರ ಕಾಣುತ್ತವೆ. ಉಳಿದದ್ದು ‘ಇನ್ನಷ್ಟು’ ಅನ್ನುವ ಪದದ ಹಿಂದೆ ಅಡಗಿರುತ್ತದೆ. ಯಾರಾದರೂ ಅದನ್ನು ಒತ್ತಬೇಕು ಅಂದರೆ ಮೊದಲ ಎರಡು ಸಾಲು ಗಾಳ ಆಗಬೇಕು. ಹಾಗಾಗಿ ದುಃಖವೆಲ್ಲ ಮೇಲೆ, ತಮಾಷೆಯೆಲ್ಲ ಕೆಳಗೆ. ಒಂಬತ್ತು ಸಲ ಬರೆದೆ, ಎಂಟು ಸಲ ಅಳಿಸಿದೆ.

ಪ್ರೆಸ್ಸಿನ ಒಡತಿ ಅಕ್ಕ ಹಿಂದಿನಿಂದ ಬಗ್ಗಿ ನೋಡಿದರು. “ಏನೇ ಅದು, ಯಾರ ಮ್ಯಾಟರು?”

“ನಂದೇ ಅಕ್ಕ. ಗೆಳತಿಗೆ.”

“ನಿಂದೇ ಆದ್ರೂ ಮೂರು ಸಲ ಓದು. ಒಂದ್ಸಲ ಬರೆದವಳಾಗಿ, ಒಂದ್ಸಲ ಬರೆಸಿಕೊಂಡವಳಾಗಿ, ಇನ್ನೊಂದ್ಸಲ ಏನೂ ಗೊತ್ತಿಲ್ದೆ ರಸ್ತೇಲಿ ಹೋಗೋನಾಗಿ.”

ಅಕ್ಕನಿಗೆ ಎಲ್ಲದಕ್ಕೂ ಒಂದು ಉಪದೇಶ ಇರುತ್ತದೆ. ಹೂಂ ಅಂದೆ.

ಜೂನ್ 12, ಬುಧವಾರ

ಫೋಟೊ ಆರಿಸಿದೆ. ಇಬ್ಬರೂ ಇರುವುದು ಒಂದೇ ಒಂದು, ಅದರಲ್ಲಿ ನನ್ನ ಕೆನ್ನೆ ಇಡೀ ಚೌಕಟ್ಟು ತುಂಬಿಕೊಂಡಿದೆ. ನನ್ನನ್ನು ಕತ್ತರಿಸಿದೆ. ಕಡ್ಡಿ ಒಬ್ಬಳೇ ಶಾಲೆಯ ಕಾಂಪೌಂಡ್ ಮೇಲೆ ಕೂತು ನಗುತ್ತಿದ್ದಾಳೆ. ಆಗಲೇ ಎತ್ತರ ಅಂದರೆ ಪ್ರಾಣ ಅವಳಿಗೆ. ಕರೆಂಟಿನ ಲೈನ್ ಕೆಲಸಕ್ಕೆ ಸೇರುತ್ತೇನೆ ಅಂದಾಗ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟರು, ನನಗೆ ಮಾತ್ರ ಆಶ್ಚರ್ಯ ಆಗಲಿಲ್ಲ.

ಹಳೇ ಫೋನಿನ ಫೋಟೊ, ಬಣ್ಣ ಹಳದಿ ತಿರುಗಿದೆ. ಕಪ್ಪುಬಿಳುಪು ಮಾಡಿದೆ. ಸುತ್ತ ತೆಳ್ಳಗೆ ಒಂದು ಗೀಟು ಹಾಕಿದೆ, ಕೆಳಗೆ ಶುರುವಾದ ಇಸವಿ, ಈಗಿನ ಇಸವಿ, ನಡುವೆ ಒಂದು ಅಡ್ಡಗೆರೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ. ತುಂಬ ಗಂಭೀರವಾಗಿ, ಚೆಂದ ಬಂದಿದೆ.

ಬಿರುಗಾಳಿ ಬೀಸುತ್ತಿದೆ. ಅವಳಿರುವ ಕಡೆ ಇನ್ನೂ ಜೋರಂತೆ. ಅಮ್ಮ, “ಕಡ್ಡಿ ಹೇಗಿದ್ದಾಳಂತೆ?” ಅಂದರು. “ಚೆನ್ನಾಗಿದ್ದಾಳೆ” ಅಂದೆ. ಮತ್ತೇನು ಹೇಳಲಿ?

ಜೂನ್ 14, ಶುಕ್ರವಾರ

ಹನ್ನೆರಡೂವರೆಗೆ ಹಾಕಿದೆ. ಕಡ್ಡಿಯ ಹೆಸರನ್ನೂ ಜೋಡಿಸಿದೆ, ಅವಳಿಗೆ ತಕ್ಷಣ ಕಾಣಲಿ ಅಂತ. ಇಲ್ಲಿ ಹಾಗೇ ನಕಲು ಮಾಡಿಡುತ್ತೇನೆ:

“ಕಂಬ ಹತ್ತುವ ನನ್ನ ಕಡ್ಡಿ. ಹತ್ತು ವರ್ಷ, ದಿನಾ ಸಂಜೆ ಒಂದೇ ಮಾತು ಹೇಳುತ್ತಿದ್ದಳು: ‘ಮುಟ್ಟಿದೆ.’
ಆ ಮಾತು ಈಗ ನಿಂತುಹೋಗಿದೆ…”

ಇದರ ಕೆಳಗೆ, ಮೇಡಂ ಅವರಿಗೆ ಹೊಸ ಊರು ಸಿಕ್ಕಿದೆ, ಹಳೇ ಪೆಟ್ಟಿಗೆ ಅಟ್ಟ ಸೇರಿದೆ, ಯಾರಾದರೂ ನೆನಪಿಸಿ ಅಂತ ಎಂಟು ಸಾಲು ಕುಟುಕಿದ್ದೇನೆ. ಈಗ ನೋಡೋಣ, ಹೇಗೆ ಸುಮ್ಮನಿರುತ್ತಾಳೆ ಅಂತ.

ಅದೇ ದಿನ, ರಾತ್ರಿ. ಎಲ್ಲವನ್ನೂ ಬರೆಯುತ್ತೇನೆ. ಬರೆಯದಿದ್ದರೆ ಎದೆ ಒಡೆದೀತು.

ಅರ್ಜೆಂಟ್ ಕೆಲಸ ಇತ್ತು, ಫೋನು ಡ್ರಾಯರಿನಲ್ಲಿಟ್ಟಿದ್ದೆ. ಮೂರೂವರೆಗೆ ತೆಗೆದರೆ ನೂರ ನಲವತ್ತು ಕಮೆಂಟು. ಖುಷಿಯಾಯಿತು. ದೇವರೇ, ನಿಜಕ್ಕೂ ಮೊದಲು ಖುಷಿಯಾಯಿತು. ಆಮೇಲೆ ಓದಿದೆ.

‘ಆತ್ಮಕ್ಕೆ ಶಾಂತಿ ಸಿಗಲಿ.’ ‘ನಂಬೋಕೆ ಆಗ್ತಿಲ್ಲ.’ ‘ಲೈನ್ ಮುಟ್ಟಿದಳಂತೆ, ಪಾಪ, ಎಳೇ ವಯಸ್ಸು.’ ಗಣಿತದ ಮೇಷ್ಟ್ರು ಹದಿನೈದು ಸಾಲು ಬರೆದಿದ್ದರು. “ನಾನೇ ಕಡ್ಡಿ ಅಂತ ಕರೆದಿದ್ದೆ, ಇಷ್ಟು ಬೇಗ ಉರಿದುಹೋದೆಯಾ ಮಗಳೇ.”

ಪೋಸ್ಟನ್ನು ಮತ್ತೆ ನೋಡಿದೆ, ಅಕ್ಕ ಹೇಳಿದ ಹಾಗೆ ಮೂರನೇ ಸಲ, ರಸ್ತೆಯಲ್ಲಿ ಹೋಗುವವನಾಗಿ. ಕಪ್ಪುಬಿಳುಪು ಮುಖ. ಗೀಟು. ಎರಡು ಇಸವಿ. ಕರೆಂಟಿನ ಕೆಲಸದವಳು, ಹೇಳುತ್ತಿದ್ದಳು, ಮುಟ್ಟಿದೆ, ನಿಂತುಹೋಗಿದೆ. ‘ಇನ್ನಷ್ಟು’ ಯಾರೂ ಒತ್ತಿಲ್ಲ. ಸಾವಿನ ಸುದ್ದಿಯಲ್ಲಿ ಇನ್ನಷ್ಟು ಏನಿರುತ್ತದೆ ಅಂತ ಯಾರು ಒತ್ತುತ್ತಾರೆ? ವಾರಕ್ಕೆ ಐದು ನೆನಪಿನ ಕಾರ್ಡು ಮಾಡಿ ಮಾಡಿ ನನ್ನ ಕೈ ತಾನಾಗಿಯೇ ಆರನೆಯದನ್ನು ಮಾಡಿಟ್ಟಿದೆ. ನಾನು ಮನೆ ಮುಟ್ಟುವುದನ್ನು ಬರೆದೆ, ಜನ ತಂತಿ ಮುಟ್ಟುವುದನ್ನು ಓದಿದರು.

ಅಕ್ಕನಿಗೆ ತೋರಿಸಿದೆ. ಬೈಯಲಿಲ್ಲ, ಅದೇ ಹೆದರಿಕೆಯಾಯಿತು.

“ಅಳಿಸಿಬಿಡ್ಲಾ ಅಕ್ಕ?”

“ಅಳಿಸಿದ್ರೆ ನಿಜ ಅಂತಾಗುತ್ತೆ. ಅಷ್ಟರಲ್ಲಿ ಎಷ್ಟು ಜನ ಫೋಟೊ ತೆಗೆದು ಕಳಿಸಿದ್ದಾರೋ. ಮೇಲೊಂದು ಸಾಲು ಹಾಕು, ಹುಡುಗಿ ಚೆನ್ನಾಗಿದ್ದಾಳೆ ಅಂತ.”

ತಿದ್ದಲು ಒತ್ತಿದೆ. ‘ಕಡ್ಡಿ ಚೆನ್ನಾಗಿ’ ಅನ್ನುವಷ್ಟರಲ್ಲಿ ಬೆರಳು ನಿಂತಿತು. ನನಗೇನು ಗೊತ್ತು? ಎಂಟು ದಿನದಿಂದ ಒಂದು ಮಾತಿಲ್ಲ. ಎರಡು ದಿನದಿಂದ ಅಲ್ಲಿ ಬಿರುಗಾಳಿ. ಫೋನ್ ಮಾಡಿದೆ, ಸ್ವಿಚ್ ಆಫ್. ಕಂಬ ಹತ್ತುವಾಗ ಫೋನನ್ನು ಜೀಪಿನಲ್ಲಿ ಬಿಡುತ್ತಾಳೆ, ಆದರೆ ಆಫ್ ಮಾಡುವುದಿಲ್ಲ. ಅವಳ ಆಫೀಸಿನ ನಂಬರು ಹುಡುಕಿ ಒತ್ತಿದೆ, ಎಂಗೇಜ್, ಎಂಗೇಜ್, ಎಂಗೇಜ್. ಆಗಲೇ ಕಂಡಿತು, ಅವಳ ಅಮ್ಮನಿಂದ ಹನ್ನೊಂದು ಮಿಸ್ಡ್ ಕಾಲ್.

ಓಡಿದೆ. ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ತಿರುಗುವ ಕಾಲನ್ನು ಎಡಕ್ಕೆ ಎಳೆದುಕೊಂಡು ಓಡಿದೆ. ಅವಳ ಅಮ್ಮ ಹೊಲಿಗೆ ಮೆಷಿನ್ ಮುಂದೆಯೇ ಕೂತಿದ್ದರು. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಪಕ್ಕದ ಮನೆಯವರು ಯಾರೋ ಫೋನಿನಲ್ಲಿ ತೋರಿಸಿ ಹೋಗಿದ್ದರಂತೆ.

“ಎಲ್ಲರಿಗೂ ಗೊತ್ತಾದ ಮೇಲೆ ಹೆತ್ತವಳಿಗೆ ಗೊತ್ತಾಗ್ಬೇಕಾ?” ಅಂದರು.

“ಅಮ್ಮ, ಏನೂ ಆಗಿಲ್ಲ. ಅದು ನಾನು ಬರೆದದ್ದು. ನನ್ನ ತಪ್ಪು. ಹತ್ತು ವರ್ಷಕ್ಕೆ ಅಂತ ತಮಾಷೆಗೆ…”

ಅವರು ನನ್ನ ಮಣಿಕಟ್ಟು ಹಿಡಿದರು. “ಏನೂ ಆಗಿಲ್ವಾ? ನೀನು ಮಾತಾಡಿದ್ಯಾ ಅವಳ ಹತ್ರ?”

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. “ಇಲ್ಲ” ಅಂದೆ.

“ನಿನ್ನೆ?”

“ಇಲ್ಲ.”

“ಮತ್ತೆ ದಿನಾ ಕಳಿಸ್ತಾಳಲ್ಲ ನಿಂಗೆ, ನನಗೆ ಕಳಿಸದಿದ್ರೂ?”

ಫೋನ್ ತೆಗೆದು ತೋರಿಸಿದೆ, ಏನನ್ನು ತೋರಿಸುತ್ತಿದ್ದೇನೆ ಅಂತ ಯೋಚಿಸದೆ. ಫೋನ್ ಬಂದಾಗಿನಿಂದಿನ ಮುಟ್ಟಿದೆ, ಸರಿ, ಮುಟ್ಟಿದೆ, ಸರಿ. ಕೊನೆಯಲ್ಲಿ ಆರನೇ ತಾರೀಖಿನದು. ಮುಟ್ಟಿದೆ. ಹೊಸ ರೂಮಿಗೆ. ಅದರ ಕೆಳಗೆ ಖಾಲಿ. ಅವರು ಕನ್ನಡಕ ಏರಿಸಿ ನಿಧಾನ ಓದಿದರು.

“ನೀನು ಸರಿ ಅಂದೇ ಇಲ್ವಲ್ಲ ಮಗಳೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಂಟು ದಿನದಿಂದ ಈ ಪುಸ್ತಕದಲ್ಲಿ ಬಂದಿಲ್ಲ, ಬಂದಿಲ್ಲ ಅಂತ ಬರೆಯುತ್ತಿದ್ದೇನೆ. ಬರುವುದು ಹೇಗೆ? ಬಾಗಿಲಿಗೆ ಅಗುಳಿ ಹಾಕಿದ್ದವಳು ನಾನು.

ಐದು ಹೊಡೆಯಿತು, ಆರು ಹೊಡೆಯಿತು. ಆಫೀಸಿನ ಫೋನ್ ಎಂಗೇಜ್. ಸಮಾಧಾನ ಹೇಳಲು ಬಂದವರನ್ನು ಬಾಗಿಲಲ್ಲೇ ತಡೆದು “ಇನ್ನೂ ಏನೂ ಗೊತ್ತಿಲ್ಲ, ದಯವಿಟ್ಟು ಹೋಗಿ” ಅಂತ ಕಳಿಸಿದೆ. ಕಡ್ಡಿಯ ಅಮ್ಮ ಅಳುವುದನ್ನು ನಿಲ್ಲಿಸಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ನೆಲದ ಮೇಲೆ, ಅವರ ಕಾಲ ಹತ್ತಿರ.

ಆರು ಐವತ್ತಕ್ಕೆ ಆ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಅವರು ಎತ್ತುವಷ್ಟರಲ್ಲಿ ಕಟ್ಟಾಯಿತು.

ಒಂದೇ ರಿಂಗ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರ ಬೆರಳು ವಾಪಸ್ ಕರೆ ಮಾಡಲು ಹೋಯಿತು. “ಬೇಡಮ್ಮ, ತಡೀರಿ” ಅಂದೆ. ಎರಡನೆಯದು ಬಂದರೆ? ಎಣಿಸಿದೆ. ಹತ್ತು. ಇಪ್ಪತ್ತು. ಅರವತ್ತರವರೆಗೆ ಎಣಿಸಿದೆ. ಎರಡನೆಯದು ಬರಲಿಲ್ಲ.

“ಮುಟ್ಟಿದ್ದಾಳೆ” ಅಂದರು ಅವರು. ಅಂದವರೇ ಗೊಳೋ ಅಂತ ಅತ್ತರು. ನಾನೂ.

ವಾಪಸ್ ಮಾಡಿದಾಗ ಎತ್ತಿದ್ದು ಅವಳ ಮೇಸ್ತ್ರಿ. “ಹುಡುಗಿ ಕೈ ತೊಳೀತಿದ್ದಾಳಮ್ಮ. ಬೆಳಿಗ್ಗೆಯಿಂದ ಆರು ಕಂಬ ನಿಲ್ಸಿದೀವಿ. ಈ ಕಡೆ ಎರಡು ದಿನದಿಂದ ಕರೆಂಟಿಲ್ಲ, ಯಾರ ಫೋನಲ್ಲೂ ಜೀವ ಇರ್ಲಿಲ್ಲ. ಇದೊಂದು ಈಗ ತಾನೇ ಜೀಪಲ್ಲಿ ಚಾರ್ಜ್ ಆಯ್ತು.” ಆಮೇಲೆ ಅವಳ ದನಿ ಕೇಳಿತು. ನಾನು ಫೋನ್ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಪೋಸ್ಟಿನ ಮೇಲೆ ಒಂದು ಸಾಲು ಸೇರಿಸಿದೆ: ಕಡ್ಡಿ ಚೆನ್ನಾಗಿದ್ದಾಳೆ, ತಪ್ಪು ಪೂರ್ತಿ ನನ್ನದು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಹೇಳಿದರು, “ಏನೇ, ಏಳು ಗಂಟೆ ಹೊತ್ತಿಗೆ ಯಾವುದೋ ನಂಬರಿಂದ ಒಂದೇ ರಿಂಗ್ ಬಂತು ನನ್ನ ಫೋನಿಗೆ. ಹಳೇ ಕಾಲದ ಹಾಗೆ. ಕಡ್ಡಿ ಇರ್ಬೇಕು ಅಂದ್ಕೊಂಡೆ.”

ನನಗೂ ಕೊಟ್ಟಿದ್ದಳು. ಅಮ್ಮನ ಫೋನ್ ಇಸಿದುಕೊಂಡು ಆ ನಂಬರನ್ನೇ ನೋಡುತ್ತಾ ಮೆಟ್ಟಿಲ ಮೇಲೆ ಕೂತೆ.

ಜೂನ್ 15, ಶನಿವಾರ

ಬೆಳಿಗ್ಗೆ ಪೋಸ್ಟಿನ ಕೆಳಗೆ ಅವಳ ಕಮೆಂಟು: “ಬದುಕಿದ್ದೀನಿ. ಕಂಬದ ಮೇಲಿದ್ದೆ. ಮೇಷ್ಟ್ರೇ, ತುಂಬ ಚೆನ್ನಾಗಿ ಬರೆದಿದ್ದೀರಿ, ನಿಜವಾಗಿ ಹೋದಾಗಲೂ ಇದನ್ನೇ ಹಾಕಿ.” ಓದಿ ನಗು ಬಂತು, ಸ್ವಲ್ಪ ಧೈರ್ಯವೂ ಬಂತು. ಫೋನ್ ಮಾಡಿದೆ.

ಫೋನಿನಲ್ಲಿ ನಗು ಇರಲಿಲ್ಲ. ಕಡ್ಡಿ ಮುರಿದ ಹಾಗೆ ಮಾತಾಡುವುದು ಅವಳ ಹುಟ್ಟುಗುಣ.

“ಅಮ್ಮ ನಾಲ್ಕು ಗಂಟೆ ಹೊತ್ತು ನಾನು ಸತ್ತಿದ್ದೀನಿ ಅಂತ ಕೂತಿದ್ರು ಕಣೇ.”

“ಗೊತ್ತು. ಪಕ್ಕದಲ್ಲೇ ಇದ್ದೆ. ತಪ್ಪಾಯ್ತು.”

“ವರ್ಗದ ವಿಷಯ ಹೇಳೋಕೇ ಮೂರನೇ ತಾರೀಖು ಫೋನ್ ಮಾಡಿದ್ದು. ಆಮೇಲೆ ಅಂದೆ ನೀನು. ಆ ಆಮೇಲೆ ಯಾವಾಗ ಬರುತ್ತೆ ಅಂತ ಹೋಗೋ ದಿನದವರೆಗೂ ಕಾದೆ.”

ನಾನು ಜಾಮಿಟ್ರಿ ಬಾಕ್ಸಿನ ಮುಚ್ಚಳ ತೆಗೆದು ಮುಚ್ಚಿ ಮಾಡುತ್ತಿದ್ದೆ.

“ಹೊಸ ಊರು, ಯಾರ ಗುರುತೂ ಇಲ್ಲ. ದಿನಾ ಸಂಜೆ ರೂಮಿಗೆ ಬಂದು ಮುಟ್ಟಿದೆ ಅಂತ ಟೈಪ್ ಮಾಡಿ ಅಳಿಸ್ತಿದ್ದೆ. ನಿನ್ನ ಸರಿ ಬಂದಿರ್ಲಿಲ್ವಲ್ಲ. ನಿಂಗೆ ಊರಿಗೆಲ್ಲ ತೋರಿಸೋಕೆ ಹತ್ತು ಸಾಲು ಬೇಕಿತ್ತು ಪೆಟ್ಟಿಗೆ. ನಂಗೆ ಎರಡಕ್ಷರ ಸಾಕಿತ್ತು.”

“ಈಗ ಕಳಿಸ್ಲಾ?”

“ಬೇಡ. ಹಳಸಿಹೋಗಿದೆ ಅದು. ಕೆಲಸಕ್ಕೆ ಹೊತ್ತಾಯ್ತು, ಲೈನ್ ಆಫ್ ಮಾಡಿಸ್ಬೇಕು.” ಇಟ್ಟಳು.

ಒಮ್ಮೆ ಅವಳೇ ಹೇಳಿದ್ದಳು, ಲೈನ್ ಆಫ್ ಮಾಡಿಸಿ ಕಂಬ ಹತ್ತಿದವರೇ ಕೆಳಗಿಳಿದು ‘ಇಳಿದೆ’ ಅಂತ ಹೇಳಬೇಕಂತೆ. ಬೇರೆ ಯಾರು ಹೇಳಿದರೂ ವಿದ್ಯುತ್ ಸ್ಟೇಷನ್ನಿನವರು ಕರೆಂಟು ಬಿಡುವುದಿಲ್ಲವಂತೆ. ಅಂದರೆ ನಾನೇ ಹೋಗಿ ಹೇಳಬೇಕು. ಇಡೀ ದಿನ ಅದೇ ತಲೆಯಲ್ಲಿ ತಿರುಗಿತು. ಪ್ರೆಸ್ಸಿನಲ್ಲಿ ಮದುವೆ ಕಾರ್ಡಿನಲ್ಲಿ ವಧುವಿನ ಹೆಸರೇ ಬಿಟ್ಟೆ. ಅಕ್ಕ ಕಾರ್ಡನ್ನು ಕಸಿದುಕೊಂಡು, “ನಾಳೆ ಭಾನುವಾರ. ಎಲ್ಲಿಗೆ ಹೋಗ್ಬೇಕೋ ಹೋಗಿ ಬಾ, ಸೋಮವಾರ ಕಣ್ಣು ಜೊತೇಲಿ ತಗೊಂಡು ಬಾ” ಅಂದರು.

ಜೂನ್ 16, ಭಾನುವಾರ

ಮೊದಲ ಬಸ್ಸಿಗೆ ಹೋದೆ. ಅವಳ ಅಮ್ಮ ವಿಳಾಸ ಬರೆದುಕೊಟ್ಟಿದ್ದರು, ಜೊತೆಗೆ ಹೊಲಿದು ಮುಗಿಸಿದ ಒಂದು ಅಂಗಿ. ದಾರಿಯುದ್ದಕ್ಕೂ ಮರಗಳು ಉರುಳಿದ್ದವು, ಹೊಸ ಕಂಬಗಳ ಬುಡದಲ್ಲಿ ಮಣ್ಣು ಇನ್ನೂ ಹಸಿ. ಅವುಗಳಲ್ಲಿ ಅವಳದ್ಯಾವುದೋ ಅಂತ ನೋಡುತ್ತಾ ಕೂತೆ. ಇಷ್ಟು ದಿನ ಇವಳ ಕೆಲಸ ಏನು ಅಂತ ಸರಿಯಾಗಿ ಕೇಳಿಯೂ ಇರಲಿಲ್ಲ ನಾನು.

ಬೇಕರಿಯ ಮೇಲಿನ ರೂಮು. ಹೊರಗಡೆ ಕಬ್ಬಿಣದ ಮೆಟ್ಟಿಲು. ಕೆಳಗೆ ನಿಂತೆ, ಹತ್ತಲು ಧೈರ್ಯ ಬರಲಿಲ್ಲ. ಬಾಗಿಲು ತೆಗೆಯದಿದ್ದರೆ? ತೆಗೆದೂ ಒಳಗೆ ಕರೆಯದಿದ್ದರೆ? ಫೋನ್ ತೆಗೆದು ಟೈಪ್ ಮಾಡಿದೆ. “ಮುಟ್ಟಿದೆ.”

ನೋಡಿದಳು ಅನ್ನುವ ಗುರುತು ಬಂತು. ಟೈಪ್ ಮಾಡುತ್ತಿದ್ದಾಳೆ ಅಂತ ಬಂತು, ನಿಂತಿತು. ಮತ್ತೆ ಬಂತು, ನಿಂತಿತು. ಬೇಕರಿಯವನು ಏನು ಬೇಕು ಅಂತ ಕೇಳಿದ, ಏನೂ ಬೇಡ ಅಂದೆ. ಕೊನೆಗೆ ಬಂತು.

“ಎಲ್ಲಿಗೆ?”

ನಿಯಮ ಮುರಿದಳು. ನಾನೂ ಮುರಿದೆ. “ನಿನ್ನ ಹೊಸ ರೂಮಿಗೆ.”

ಮೇಲೆ ಅಗುಳಿ ತೆಗೆದ ಸದ್ದು. ಬಾಗಿಲಲ್ಲಿ ನಿಂತಳು, ಮುಖವೆಲ್ಲ ಬಿಸಿಲಿಗೆ ಕಪ್ಪಾಗಿ, ಕಂಬ ಎತ್ತಿ ಸುಲಿದ ಎರಡು ಕೈಗೂ ಬ್ಯಾಂಡೇಜು ಸುತ್ತಿಕೊಂಡು. ನನ್ನನ್ನು ನೋಡಿದಳು, ಕೈಯಲ್ಲಿದ್ದ ಫೋನ್ ನೋಡಿದಳು. ಟೈಪ್ ಮಾಡಲಿಲ್ಲ.

“ಸರಿ” ಅಂದಳು. “ಹತ್ತಿ ಬಾ ಮೇಲೆ. ಮೂರನೇ ಮೆಟ್ಟಿಲು ಸಡಿಲ ಇದೆ, ನಿನ್ನ ತೂಕಕ್ಕೆ ಎಚ್ಚರ.”

ಜಗಳ ಆಯಿತು, ಚೆನ್ನಾಗಿಯೇ ಆಯಿತು. ಅತ್ತೆವು. ಬೇಕರಿಯಿಂದ ಬನ್ನು ತಂದು ತಿಂದೆವು. ಬೆರಳಿಗೆ ನೋವಾಗುತ್ತದೆ ಅಂತ ಅವಳ ತಲೆ ನಾನೇ ಬಾಚಿದೆ. ಆ ಕಂಬಗಳ ಬಗ್ಗೆ ಕೇಳಿದೆ, ಎರಡು ಗಂಟೆ ಹೇಳಿದಳು. ನಾಲ್ಕರ ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ಬಂದು, “ಮುಟ್ಟಿದ ಮೇಲೆ” ಅಂದಳು. ಬಸ್ಸು ಹೊರಟಿತು.

ಏಳೂಕಾಲಿಗೆ ಮನೆ. ಚಪ್ಪಲಿ ಬಿಡುವ ಮೊದಲೇ ಕಳಿಸಿದೆ. ಮುಟ್ಟಿದೆ. ಚಪ್ಪಲಿ ಬಿಡುವಷ್ಟರಲ್ಲಿ ಬಂತು. ಸರಿ.

ಕೈಕಾಲು ತೊಳೆದು ಊಟ ಮಾಡಿದ ಮೇಲೆ ನೆನಪಾಯಿತು, ಇಡೀ ದಿನದಲ್ಲಿ ಒಂದು ಫೋಟೊ ತೆಗೆದಿಲ್ಲ. ಹತ್ತು ವರ್ಷದ ಕ್ಯಾಪ್ಷನ್ ಬದಲಿಸಬೇಕು ಅಂದುಕೊಂಡಿದ್ದೆ, ಅದೂ ಆಗಿಲ್ಲ. ನಾಳೆ ನೋಡಿದರಾಯಿತು. ಈಗ ನಿದ್ದೆ ಎಳೆಯುತ್ತಿದೆ.